ಕ್ಯಾಸ್ಕೇಡ್ ತರಬೇತಿ: ಕೆಳಗಿಳಿಯುತ್ತಾ ಏನು ಕಳೆದುಹೋಗುತ್ತದೆ?

ಎಂ.ಎಡ್. ಮೂರನೇ ಸೆಮಿಸ್ಟರ್, ಶಿಕ್ಷಣ ನೀತಿ, ಅಸೈನ್‌ಮೆಂಟ್ 2

ಪ್ರಶ್ನೆ: ಶಿಕ್ಷಕರ ವೃತ್ತಿಪರ ಬೆಳವಣಿಗೆಯಲ್ಲಿ ಕ್ಯಾಸ್ಕೇಡ್ ತರಬೇತಿಯ ಮಿತಿಗಳನ್ನು ನಿದರ್ಶನದೊಂದಿಗೆ ವಿಮರ್ಶಿಸಿ.

ಮೇಲಿನ ಹಂತದಲ್ಲಿ ಕಲಿತವರು ಕೆಳಗಿನ ಹಂತದವರಿಗೆ, ಅವರು ಇನ್ನೂ ಕೆಳಗಿನವರಿಗೆ ಕಲಿಸುತ್ತಾ ಶಿಕ್ಷಕರವರೆಗೆ ಇಳಿಯುವುದೇ ಕ್ಯಾಸ್ಕೇಡ್ ತರಬೇತಿ. ಅದರ ಮಿತಿಗಳನ್ನು ಹೇಳಲು ಒಂದು ಕಾಗದದ ಪಟ್ಟಿಯಿಂದ ಶುರು ಮಾಡುತ್ತೇನೆ.

1/3 ದೊಡ್ಡದೋ 1/4 ದೊಡ್ಡದೋ ಎಂದು ಪ್ರಾಥಮಿಕ ಶಾಲೆಯ ಮಕ್ಕಳನ್ನು ಕೇಳಿದರೆ ಎಷ್ಟೋ ಮಕ್ಕಳು 1/4 ಅನ್ನುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದು ಅಲ್ವಾ? ಈ ತೊಡಕನ್ನು ಬಿಡಿಸಲೆಂದೇ ಕೆಲವು ವರ್ಷಗಳ ಹಿಂದೆ ಒಂದು ಗಣಿತ ತರಬೇತಿ ನಡೆಯಿತು. ಜಿಲ್ಲೆಯ ಸಂಪನ್ಮೂಲ ವ್ಯಕ್ತಿಯಾಗಿ ನಾನು ರಾಜ್ಯ ಮಟ್ಟದ ಐದು ದಿನಗಳ ತರಬೇತಿಗೆ ಹೋಗಿದ್ದೆ. ಮೊದಲ ದಿನ ಬೆಳಿಗ್ಗೆ ನಮ್ಮೆಲ್ಲರ ಕೈಗೂ ಒಂದೇ ಉದ್ದದ ಕಾಗದದ ಪಟ್ಟಿ ಕೊಟ್ಟರು. ವಿವರಣೆ ಏನೂ ಇಲ್ಲ. ಮೂರು ಭಾಗ ಮಾಡಿ ಎಂದರು, ಅಷ್ಟೆ.

ನಾಲ್ಕು ಭಾಗ ಮಾಡುವುದು ಸುಲಭ. ಮೂರು ಮಾಡುವುದು ಕಷ್ಟ. ಒಬ್ಬರ ಪಟ್ಟಿಯಲ್ಲಿ ಒಂದು ತುಂಡು ಗಿಡ್ಡ, ಇನ್ನೊಬ್ಬರದ್ದರಲ್ಲಿ ಒಂದು ತುಂಡು ಉದ್ದ. 'ಇದನ್ನು ಮೂರನೇ ಒಂದು ಭಾಗ ಅನ್ನಬಹುದಾ?' ಎಂದು ಯಾರೋ ಕೇಳಿದರು. ಅಲ್ಲಿಂದ ಜಗಳವೇ ಶುರುವಾಯಿತು. ಒಂದೂವರೆ ಗಂಟೆ ಹೋಯಿತು. 'ಸಮಭಾಗ' ಎಂಬ ಮಾತನ್ನು ಬೋರ್ಡಿನ ಮೇಲೆ ನೂರು ಸಲ ಬರೆದಿದ್ದೆ. ಅದರ ತೂಕ ನನಗೆ ಗೊತ್ತಾಗಿದ್ದು ಅವತ್ತೇ.

ಜಿಲ್ಲೆಯಲ್ಲಿ ಅದೇ ತರಬೇತಿ ಮೂರು ದಿನಕ್ಕೆ ಇಳಿಯಿತು. ವಿಷಯಗಳು ಅಷ್ಟೇ ಇದ್ದವು, ದಿನಗಳು ಮಾತ್ರ ಕಡಿಮೆ. ಹಾಗಾಗಿ ಪಟ್ಟಿಯನ್ನು ನಾನೇ ಮಡಿಸಿ ಎಲ್ಲರಿಗೂ ತೋರಿಸಿದೆ. ಹತ್ತು ನಿಮಿಷದಲ್ಲಿ ಮುಗಿಯಿತು. ತಾಲ್ಲೂಕಿಗೆ ಬರುವಷ್ಟರಲ್ಲಿ ಅದು ಎರಡು ದಿನದ ತರಬೇತಿ. ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯ ಸಭಾಂಗಣದ ಪರದೆ ಮೇಲೆ ಮಡಿಸಿದ ಪಟ್ಟಿಯ ಫೋಟೋ ಬಂತು, ಮುಂದಿನ ಸ್ಲೈಡ್ ಬಂತು. ಕೊನೆಗೆ ನನ್ನ ಸಹೋದ್ಯೋಗಿ ಮೇಡಂ ಒಬ್ಬರ ತರಗತಿಯ ಬೋರ್ಡಿನ ಮೇಲೆ ಉಳಿದದ್ದು ಒಂದು ಸಾಲು: 'ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು.' ಅದೇ ವಾರ 3/4 ಮತ್ತು 2/3ರಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಒಬ್ಬ ಹುಡುಗಿ 2/3 ಎಂದು ಬರೆದಳು. ಬೋರ್ಡಿನ ಮೇಲಿದ್ದ ನಿಯಮವನ್ನು ಅವಳು ಸರಿಯಾಗಿಯೇ ಪಾಲಿಸಿದ್ದಳು. ಅಂಶವೂ ಬೇರೆಯಾದಾಗ ಆ ನಿಯಮ ನಿಲ್ಲುವುದಿಲ್ಲ ಎನ್ನುವುದು ಅವಳವರೆಗೆ ತಲುಪಿರಲಿಲ್ಲ.

ಇದರಲ್ಲಿ ಯಾರೂ ಸೋಮಾರಿಗಳಲ್ಲ. ಎಲ್ಲ ಹಂತದಲ್ಲೂ ಹಾಜರಾತಿ ತುಂಬಿತ್ತು, ಕೈಪಿಡಿ ತಲುಪಿತ್ತು. ದಾಖಲೆಯ ಪ್ರಕಾರ ಆ ತರಬೇತಿ ಯಶಸ್ವಿ.

ಕ್ಯಾಸ್ಕೇಡ್ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ 'ಸೋರಿಕೆ'ಯ ಲೆಕ್ಕ ಹೇಳುತ್ತಾರೆ. ಪ್ರತಿ ಹಂತದಲ್ಲಿ ಶೇ. 80ರಷ್ಟು ಉಳಿದರೂ ಮೂರು ಹಂತ ದಾಟುವಷ್ಟರಲ್ಲಿ ಅರ್ಧ ಮಾತ್ರ ಉಳಿಯುತ್ತದೆ ಎಂದು. ಈ ಲೆಕ್ಕ ಅಸಲು ತೊಂದರೆಯನ್ನು ಮುಚ್ಚಿಡುತ್ತದೆ ಎಂಬುದು ನನ್ನ ವಾದ. ಎಲ್ಲವೂ ಸಮನಾಗಿ ಸೋರುವುದಿಲ್ಲ. ಸಮಯ ಜಾಸ್ತಿ ಬೇಡುವುದು ಮೊದಲು ಹೋಗುತ್ತದೆ: ಕೈಯಾರೆ ಮಾಡುವುದು, ತಪ್ಪುವುದು, ವಾದ ಮಾಡುವುದು. ಬೇಗ ಹೇಳಿ ಮುಗಿಸಬಹುದಾದದ್ದು ಉಳಿಯುತ್ತದೆ: ನಿಯಮ, ವ್ಯಾಖ್ಯೆ, ಸ್ಲೈಡ್. ಶಿಕ್ಷಕರನ್ನು ಬದಲಿಸಬಲ್ಲದ್ದು ಮೊದಲನೆಯದು. ನಮ್ಮ ವ್ಯವಸ್ಥೆ ಕೆಳಗೆ ಸಾಗಿಸುತ್ತಿರುವುದು ಎರಡನೆಯದನ್ನು.

ಹಾಗಿದ್ದರೆ ಸರ್ಕಾರ ಇದನ್ನೇ ಯಾಕೆ ಆರಿಸಿಕೊಳ್ಳುತ್ತದೆ? ಸಂಖ್ಯೆ ನೋಡಿದರೆ ಅರ್ಥವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಶುರುವಾದ ನಿಷ್ಠಾ ಎಂಬ ಕೇಂದ್ರ ಸರ್ಕಾರದ ಶಿಕ್ಷಕರ ತರಬೇತಿ ಕಾರ್ಯಕ್ರಮದ ಗುರಿ ದೇಶದ ಸುಮಾರು 42 ಲಕ್ಷ ಶಿಕ್ಷಕರು ಮತ್ತು ಮುಖ್ಯಶಿಕ್ಷಕರು. ಅಷ್ಟು ಜನರನ್ನು ಪರಿಣತರೇ ನೇರವಾಗಿ ಭೇಟಿಯಾಗುವುದು ಆಗದ ಮಾತು. ಹಂತಗಳನ್ನು ಕಡಿಮೆ ಮಾಡಬೇಕು ಎಂಬ ಅರಿವು ಅಲ್ಲಿತ್ತು. ಸಂಪನ್ಮೂಲ ವ್ಯಕ್ತಿಗಳು ನೇರವಾಗಿ ಶಿಕ್ಷಕರಿಗೇ ತರಬೇತಿ ಕೊಡುವಂತೆ ಅದನ್ನು ರೂಪಿಸಿದ್ದರು. 2020ರಲ್ಲಿ ಕೋವಿಡ್ ಕಾರಣಕ್ಕೆ ಅದು ಆನ್‌ಲೈನ್ ಕಲಿಕೆಯ ದೀಕ್ಷಾ ವೇದಿಕೆಗೆ ಹೋಯಿತು. ಆನ್‌ಲೈನ್‌ನಲ್ಲಿ ನಡುವಿನ ಹಂತಗಳೇ ಇಲ್ಲ, ಮೇಲೆ ತಯಾರಾದ ವಿಡಿಯೋ ಹಾಗೆಯೇ ನನ್ನ ಫೋನಿಗೆ ಬರುತ್ತದೆ. ಆದರೆ ನನ್ನ ಕೈಯಲ್ಲಿ ಪಟ್ಟಿ ಇಲ್ಲ, ಜಗಳವಾಡಲು ಪಕ್ಕದಲ್ಲಿ ಯಾರೂ ಇಲ್ಲ. ಹಂತ ತೆಗೆದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ನಮ್ಮ ನಾಡಿನದೇ ಇನ್ನೊಂದು ನಿದರ್ಶನ ನಲಿಕಲಿ, ಅಂದರೆ ಮಕ್ಕಳು ಕಾರ್ಡುಗಳ ಮೂಲಕ ತಮ್ಮದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾಯಿತು. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿ ಅದಕ್ಕೆ ಪ್ರೇರಣೆ. ಕಾರ್ಡುಗಳನ್ನು, ಮೆಟ್ಟಿಲುಗಳನ್ನು ರೂಪಿಸುವುದರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಕೈಹಾಕಿದರು. ಹಾಗೆ ಮಾಡಿದವರಿಗೆ ಈ ಕಾರ್ಡು ಇಲ್ಲೇ ಯಾಕಿದೆ ಎಂಬುದು ಗೊತ್ತು. ಮಗು ಎಡವಿದರೆ ಯಾವ ಮೆಟ್ಟಿಲಿಗೆ ಹಿಂದೆ ಹೋಗಬೇಕು ಎಂಬುದೂ ಗೊತ್ತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಆಗ ನನ್ನಂಥವರಿಗೆ ಕಾರ್ಡು ಬಂತು, ಮಕ್ಕಳ ಗುಂಪುಗಳನ್ನು ಸೂಚಿಸುವ ತಟ್ಟೆಗಳ ಹೆಸರು ಬಂತು, ಪ್ರಗತಿ ನೋಟ ತುಂಬುವ ವಿಧಾನ ಬಂತು. 'ಯಾಕೆ' ಎಂಬುದು ಅಷ್ಟಾಗಿ ಬರಲಿಲ್ಲ. ಅದನ್ನು ನಾನು ಪಕ್ಕದ ಊರಿನ ಹಿರಿಯ ಮೇಡಂ ಒಬ್ಬರ ತರಗತಿಯಲ್ಲಿ ನಾಲ್ಕು ಶನಿವಾರ ಸುಮ್ನೆ ಕೂತು ಕಲಿತೆ.

ಇನ್ನೊಂದು ಮಿತಿಯ ಬಗ್ಗೆ ಚರ್ಚೆಯೇ ಕಡಿಮೆ. ಕ್ಯಾಸ್ಕೇಡ್‌ನಲ್ಲಿ ಎಲ್ಲವೂ ಕೆಳಮುಖ. ನನ್ನ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಅಲ್ಲಿ ಈ ಚಟುವಟಿಕೆ ಹೇಗೆ ಮಾಡಲಿ ಎಂದು ತರಬೇತಿಯಲ್ಲಿ ಕೇಳಿದರೆ, 'ನಮಗೆ ಹೇಳಿದ್ದನ್ನು ನಾವು ಹೇಳಿದ್ದೇವೆ' ಎಂಬ ಉತ್ತರ. ಪಾಪ, ಅವರ ಕೈಯಲ್ಲೂ ಇನ್ನೇನೂ ಇರಲಿಲ್ಲ. ಆ ಪ್ರಶ್ನೆ ಮಾಡ್ಯೂಲ್ ಬರೆದವರಿಗೆ ತಲುಪುವ ದಾರಿಯೇ ಇಲ್ಲ. ಹಾಗಾಗಿ ಮುಂದಿನ ಮಾಡ್ಯೂಲ್‌ನಲ್ಲೂ ಒಂದು ಕೋಣೆಗೆ ಒಂದೇ ತರಗತಿ.

ಶ್ರೀಲಂಕಾದ ಇಂಗ್ಲಿಷ್ ಶಿಕ್ಷಕರ ತರಬೇತಿಯ ಬಗ್ಗೆ ಡೇವಿಡ್ ಹೇಯ್ಸ್ 2000ದಲ್ಲಿ ಬರೆದ ಲೇಖನ ನನ್ನ ವಾದಕ್ಕೆ ಎದುರಾಗಿ ನಿಲ್ಲುತ್ತದೆ, ಅದನ್ನು ಬಿಡುವಂತಿಲ್ಲ. ದೋಷ ಕ್ಯಾಸ್ಕೇಡ್‌ನದ್ದಲ್ಲ, ಅದನ್ನು ನಡೆಸುವ ರೀತಿಯದ್ದು ಎನ್ನುತ್ತಾರೆ ಅವರು. ತರಬೇತಿ ಅನುಭವದಿಂದ ಕಲಿಸುವಂತಿರಬೇಕು, ಸ್ಥಳೀಯವಾಗಿ ಬದಲಿಸಿಕೊಳ್ಳಲು ಬಿಡಬೇಕು, ಪರಿಣತಿ ಮೇಲಿನ ಹಂತದಲ್ಲೇ ಗುಡ್ಡೆ ಬೀಳಬಾರದು. ಇದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಬೇಕಾದದ್ದು ಕೆಳಗಿನ ಹಂತಕ್ಕೆ ಜಾಸ್ತಿ ದಿನ. ನಾವು ಮಾಡುತ್ತಿರುವುದು ತದ್ವಿರುದ್ಧ. ಮಕ್ಕಳಿಗೆ ಹತ್ತಿರವಾದಂತೆ ದಿನಗಳು ಕಡಿಮೆಯಾಗುತ್ತಾ ಹೋಗುತ್ತವೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ. ಆ 50 ಗಂಟೆ ಹೇಗೆ ಹಂಚಬೇಕು ಎಂಬುದೇ ಈಗಿರುವ ಪ್ರಶ್ನೆ. ಹೊಸ ಪಠ್ಯಪುಸ್ತಕದಲ್ಲಿ ಏನು ಬದಲಾಗಿದೆ, ಮೌಲ್ಯಮಾಪನದ ನಮೂನೆ ಹೇಗೆ ತುಂಬಬೇಕು ಎಂಬಂಥ ಮಾಹಿತಿಗೆ ಕ್ಯಾಸ್ಕೇಡ್ ಇರಲಿ. ಅಷ್ಟಕ್ಕೆ 10 ಗಂಟೆ ಸಾಕು. ಉಳಿದ 40 ಗಂಟೆಯನ್ನು ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ಗೆ ಕೊಡಬೇಕು. ಕ್ಲಸ್ಟರ್‌ನ ಶಿಕ್ಷಕರು ಸೇರುವ ಸಮಾಲೋಚನಾ ಸಭೆ ಎಂಬ ವ್ಯವಸ್ಥೆ ನಮ್ಮಲ್ಲಿ ಮೊದಲಿನಿಂದ ಇದೆ. ಇವತ್ತು ಅದರ ಅರ್ಧ ಸಮಯ ಸುತ್ತೋಲೆ ಓದುವುದಕ್ಕೆ, ಅಂಕಿಅಂಶ ಕೇಳುವುದಕ್ಕೆ ಹೋಗುತ್ತದೆ. ಸುತ್ತೋಲೆ ವಾಟ್ಸಾಪ್‌ನಲ್ಲಿ ಬರಲಿ. ಸಭೆ ಪ್ರತಿ ಸಲ ಬೇರೆ ಶಾಲೆಯಲ್ಲಿ ನಡೆಯಲಿ. ಅಲ್ಲಿಯ ಶಿಕ್ಷಕರು ಮಕ್ಕಳ ಮುಂದೆ ಒಂದು ಪಾಠ ಮಾಡಲಿ, ಉಳಿದವರು ಹಿಂದೆ ಕೂತು ಮಕ್ಕಳ ನೋಟ್‌ಬುಕ್ ನೋಡಲಿ, ಆಮೇಲೆ ಮಾತಾಡಲಿ. ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಯಾದ ಸಿ.ಆರ್.ಪಿ. ಅಲ್ಲಿ ಎದ್ದ ಪ್ರಶ್ನೆಗಳನ್ನು ಬರೆದು ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ಗೆ ಕಳಿಸಲಿ, ಮುಂದಿನ ಸಭೆಯೊಳಗೆ ಡಯಟ್ ಉತ್ತರಿಸಬೇಕು ಎಂಬ ನಿಯಮ ಬರಲಿ. ಮೊದಲ ಸಭೆ ನಮ್ಮ ಶಾಲೆಯಲ್ಲೇ ಆಗಬಹುದು. 2/3 ಎಂದು ಬರೆದ ಹುಡುಗಿಯ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಕಾಗದದ ಪಟ್ಟಿಗಳನ್ನು ನಾನು ತರುತ್ತೇನೆ.