ಡಾಕ್ಸಿಸೈಕ್ಲಿನ್ ಮಾತ್ರೆಗೆ ಹಾಲು ಯಾಕೆ ಆಗುವುದಿಲ್ಲ?

ಪ್ರಶ್ನೆ: ಅಮ್ಮನಿಗೆ ಇಲಿಜ್ವರ ಅಂತ ಡಾಕ್ಟರು ಡಾಕ್ಸಿಸೈಕ್ಲಿನ್ 100 ಮಿಗ್ರಾಂ ದಿನಕ್ಕೆರಡು ಬಾರಿ ಬರೆದುಕೊಟ್ಟಿದ್ದಾರೆ. ಮಾತ್ರೆ ಉಷ್ಣ ಅಂತ ಅಮ್ಮ ಹಾಲಿನ ಜೊತೆ ನುಂಗುತ್ತಾರೆ. ಎದೆ ಉರಿದರೆ ಆಸಿಡಿಟಿ ಸಿರಪ್ ಕುಡಿಯುತ್ತಾರೆ. ಮೆಡಿಕಲ್ ಶಾಪಿನವರು ಎರಡೂ ಬೇಡ ಅಂದರು. ಹೊಟ್ಟೆಯಲ್ಲಿ ಅಂಥದ್ದೇನು ಆಗುತ್ತದೆ?

ಉತ್ತರ: ಅವರು ಹೇಳಿದ್ದು ಸರಿ. ಡಾಕ್ಸಿಸೈಕ್ಲಿನ್ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ. ಈ ಗುಂಪಿನ ಅಣುಗಳಲ್ಲಿ ನಾಲ್ಕು ಉಂಗುರಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಅವುಗಳ ಒಂದು ಅಂಚಿನಲ್ಲಿ ಆಮ್ಲಜನಕದ ಪರಮಾಣುಗಳು ಹತ್ತಿರ ಹತ್ತಿರ ಇರುತ್ತವೆ. ಹಾಲಿನ ಕ್ಯಾಲ್ಸಿಯಂ ಎದುರಾದರೆ ಅಕ್ಕಪಕ್ಕದ ಎರಡು ಆಮ್ಲಜನಕಗಳು ಅದನ್ನು ಇಕ್ಕಳದ ಹಾಗೆ ಎರಡೂ ಕಡೆಯಿಂದ ಹಿಡಿದುಬಿಡುತ್ತವೆ. ಇದೇ ಕೀಲೇಶನ್. ಹೀಗೆ ಆದ ಜೋಡಿ ಸರಿಯಾಗಿ ಕರಗುವುದಿಲ್ಲ, ಕರುಳಿನ ಗೋಡೆ ದಾಟಿ ರಕ್ತಕ್ಕೂ ಸೇರುವುದಿಲ್ಲ. ಸುಮ್ನೆ ಮಲದಲ್ಲಿ ಹೊರಟುಹೋಗುತ್ತದೆ.

ಒಂದು ಲೋಟ ಹಾಲಿನಿಂದ ಅಷ್ಟೊಂದು ನಷ್ಟವೇ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 200 ಮಿ.ಲೀ. ಹಾಲಿನಲ್ಲಿ ಸುಮಾರು 240 ಮಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. 250 ಮಿಗ್ರಾಂ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲಿನಲ್ಲಿರುವ ಒಂದೊಂದು ಅಣುವಿಗೂ ಆ ಲೋಟದಲ್ಲಿ ಹತ್ತಕ್ಕಿಂತ ಜಾಸ್ತಿ ಕ್ಯಾಲ್ಸಿಯಂ ಅಯಾನುಗಳು ಸಿಗುತ್ತವೆ. ಹಳೆಯ ಟೆಟ್ರಾಸೈಕ್ಲಿನ್ ಆದರೆ ಹಾಲಿನ ಜೊತೆ ಅರ್ಧ ಅಥವಾ ಅದಕ್ಕೂ ಜಾಸ್ತಿ ವ್ಯರ್ಥವಾಗುತ್ತದೆ. ಡಾಕ್ಸಿಸೈಕ್ಲಿನ್‌ಗೆ ಪೆಟ್ಟು ಕಡಿಮೆ, ಸುಮಾರು ಐದನೇ ಒಂದು ಭಾಗ. ಆದರೂ ಇಲಿಜ್ವರದಲ್ಲಿ ಅಷ್ಟನ್ನೂ ಯಾಕೆ ಕಳೆದುಕೊಳ್ಳಬೇಕು ಅಲ್ವಾ?

ನನಗೆ ಹಾಲಿಗಿಂತ ಆ ಸಿರಪ್ಪಿನದೇ ಹೆಚ್ಚು ಆತಂಕ. ಅದರಲ್ಲಿರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್. ಮೂರು ಧನ ಆವೇಶದ ಅಲ್ಯೂಮಿನಿಯಂ ಕ್ಯಾಲ್ಸಿಯಂಗಿಂತ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಡಾಕ್ಸಿಸೈಕ್ಲಿನ್ ಕೂಡ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಈ ಗುಂಪಿನ ಮೊದಲ ಔಷಧಿ 1948ರಲ್ಲಿ ಬಂದಾಗ, ಅದರಿಂದ ಹೊಟ್ಟೆ ಕೆಡುತ್ತದೆಂದು ಅಲ್ಯೂಮಿನಿಯಂ ಜೆಲ್ ಜೊತೆ ಕೊಡುತ್ತಿದ್ದರು. ರಕ್ತದಲ್ಲಿ ಔಷಧಿಯ ಮಟ್ಟ ಇಳಿದದ್ದು ಕಂಡಮೇಲೆ, 1950ರ ಹೊತ್ತಿಗೆ, ಈ ತೊಂದರೆ ಗೊತ್ತಾಯಿತು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳದೂ ಇದೇ ಕಥೆ. ರಾಗಿ ಮಾಲ್ಟಿನಲ್ಲೂ ಕ್ಯಾಲ್ಸಿಯಂ ಚೆನ್ನಾಗಿಯೇ ಇದೆ, ಮಾತ್ರೆ ನುಂಗುವ ಹೊತ್ತಿಗೆ ಅದೂ ಬೇಡ.

ಹಾಲು, ಮೊಸರನ್ನು ಪೂರ್ತಿ ಬಿಡಬೇಕಿಲ್ಲ. ಮಾತ್ರೆಗೂ ಇವಕ್ಕೂ ನಡುವೆ ಎರಡು ಗಂಟೆ ಬಿಡುವು ಇರಲಿ. ಸಿರಪ್, ಕಬ್ಬಿಣದ ಮಾತ್ರೆಗಾದರೆ ಎರಡು ಮೂರು ಗಂಟೆ. ಹೊಟ್ಟೆ ತೊಳಸಿದರೆ ಹಾಲಿಲ್ಲದ ತಿಂಡಿ ತಿಂದು ಮಾತ್ರೆ ನುಂಗಬಹುದು. ಒಂದು ಲೋಟ ತುಂಬ ನೀರು ಕುಡಿದು ಅರ್ಧ ಗಂಟೆಯಾದರೂ ಕೂತಿರಬೇಕು. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ. ಅಮ್ಮನ ಎದೆ ಉರಿಗೆ ಅದೂ ಕಾರಣ ಇರಬಹುದು. ಉರಿ ನಿಲ್ಲದಿದ್ದರೆ ಡಾಕ್ಟರಿಗೆ ಹೇಳಿ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಹೀಗೆ ಔಷಧಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.

ಇಷ್ಟು ದಿನ ಹಾಲಿನಲ್ಲಿ ನುಂಗಿದ್ದಕ್ಕೆ ಈಗ ಎರಡೆರಡು ಮಾತ್ರೆ ಕೊಡಬೇಡಿ. ಜ್ವರ ಇನ್ನೂ ಇಳಿಯದಿದ್ದರೆ, ಹಾಲು ಮತ್ತು ಸಿರಪ್ ಕುಡಿದ ವಿಷಯವನ್ನೂ ಸೇರಿಸಿ ಇವತ್ತೇ ಡಾಕ್ಟರಿಗೆ ತಿಳಿಸಿ.