ಸ್ವಂತ ವಾಸಕ್ಕಾಗಿ ಮನೆ ತೆರವು ಕೋರಿ ಅರ್ಜಿ

ಲಘು ವ್ಯವಹಾರಗಳ ನ್ಯಾಯಾಲಯ, ಬೆಂಗಳೂರು

ಅರ್ಜಿದಾರರು: ಸಾವಿತ್ರಮ್ಮ, 66 ವರ್ಷ, ಬಸವನಗುಡಿ
ಎದುರುದಾರರು: ನಾಗರಾಜ, ನೆಲಮಹಡಿಯ ಬಾಡಿಗೆದಾರರು, ಅದೇ ವಿಳಾಸ

ಕರ್ನಾಟಕ ಬಾಡಿಗೆ ಕಾಯ್ದೆ, 1999ರ ಕಲಂ 27(2)(ಆರ್) ಅಡಿ ಅರ್ಜಿ

1. ಈ ಮನೆ ನನ್ನ ಸ್ವಂತದ್ದು. ಖಾತೆಯೂ ನನ್ನ ಹೆಸರಿನಲ್ಲೇ ಇದೆ. ಎದುರುದಾರರು 1998ರಿಂದ ನೆಲಮಹಡಿಯಲ್ಲಿದ್ದಾರೆ. ತಿಂಗಳ ಬಾಡಿಗೆ 2,800 ರೂಪಾಯಿ. ಬಾಡಿಗೆ ಬಾಕಿ ಇಲ್ಲ, ಆ ಬಗ್ಗೆ ನನ್ನ ತಕರಾರೂ ಇಲ್ಲ.

2. ನಾನು ಮತ್ತು ನನ್ನ ಯಜಮಾನರು ಮೇಲಿನ ಮಹಡಿಯಲ್ಲಿದ್ದೇವೆ. ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಆಗಿ ಎಡಗಾಲು ಬಿದ್ದುಹೋಗಿದೆ. ಮೆಟ್ಟಿಲು ಹೊರಗಡೆ ಇದೆ, ಕಡಿದು, ಒಂದೇ ಕಡೆ ಕಂಬಿ. ಫಿಸಿಯೋಥೆರಪಿಗೆ ಹೋಗುವಾಗಲೆಲ್ಲ ಇಬ್ಬರು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕು. ಮಳೆ ಬಂದರೆ ಅದೂ ಆಗುವುದಿಲ್ಲ. ವೈದ್ಯರು ನೆಲಮಹಡಿಯಲ್ಲೇ ಇರಬೇಕೆಂದು ಬರೆದುಕೊಟ್ಟಿದ್ದಾರೆ. ಆ ಚೀಟಿ ಲಗತ್ತಿಸಿದ್ದೇನೆ.

3. ನಮಗೆ ಬೇರೆ ಮನೆಯಾಗಲಿ, ನಿವೇಶನವಾಗಲಿ ಎಲ್ಲೂ ಇಲ್ಲ. ಪಿಂಚಣಿ ಔಷಧಿಗೇ ಸಾಲದು; ಬೇರೆ ಕಡೆ ಬಾಡಿಗೆ ಕೊಡಲು ಶಕ್ತಿಯಿಲ್ಲ. ಸ್ವಂತ ಮನೆ ಇಟ್ಟುಕೊಂಡು ಬಾಡಿಗೆಗೆ ಹೋಗಿ ಎನ್ನುವುದೂ ನ್ಯಾಯವಲ್ಲ.

4. ಎದುರುದಾರರಿಗೆ ಕೆಂಗೇರಿಯಲ್ಲಿ ಸ್ವಂತ ಮನೆಯಿದೆ, ಅದನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಜಾಸ್ತಿ ಬಾಡಿಗೆಗಾಗಿ ನಾನು ಎಬ್ಬಿಸುತ್ತಿದ್ದೇನೆ ಎಂಬ ಅವರ ಮಾತು ಸುಳ್ಳು. ಜಾಸ್ತಿ ಬಾಡಿಗೆಯನ್ನು ನಾನು ಯಾವತ್ತೂ ಕೇಳಿಲ್ಲ.

5. ದಿನಾಂಕ 10-06-2024ರಂದು ವಕೀಲರ ಮೂಲಕ ನೋಟಿಸ್ ಕೊಟ್ಟೆ. ತೆಗೆದುಕೊಂಡರು, ಖಾಲಿ ಮಾಡಲಿಲ್ಲ.

ಕೋರಿಕೆ: ಎರಡು ಕೋಣೆ, ಅಡುಗೆಮನೆ, ಬಚ್ಚಲು ಸೇರಿದ ನೆಲಮಹಡಿಯನ್ನು ಖಾಲಿ ಮಾಡಿ ನನ್ನ ಸ್ವಾಧೀನಕ್ಕೆ ಕೊಡುವಂತೆ ಎದುರುದಾರರಿಗೆ ಆದೇಶಿಸಬೇಕು, ಖರ್ಚನ್ನೂ ಕೊಡಿಸಬೇಕು ಎಂದು ಬೇಡುತ್ತೇನೆ.

ಮೇಲಿನ ಸಂಗತಿಗಳೆಲ್ಲ ನನ್ನ ತಿಳಿವಳಿಕೆಯಂತೆ ಸತ್ಯ.

ಬೆಂಗಳೂರು, 02-09-2024
ಸಹಿ: ಸಾವಿತ್ರಮ್ಮ