ಎರಡು ಗುಂಟೆ

ಕಣದಲ್ಲಿ ರೋಬಸ್ಟಾ ಒಣಗುತ್ತಿತ್ತು. ಪಹಣಿ ಗಾಳಿಗೆ ಹಾರದ ಹಾಗೆ ಇವರು ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರು. ನಾನು ಬಾಗಿಲ ಹತ್ತಿರ ಕೂತು ಕಾಳುಮೆಣಸು ಬಿಡಿಸುತ್ತಿದ್ದೆ. ಅಕ್ಕ ತಮ್ಮ ಮಾತಾಡುವಾಗ ಸೊಸೆ ಬಾಯಿ ಹಾಕಬಾರದು.

"ಒಟ್ಟು 6 ಎಕರೆ 20 ಗುಂಟೆ. ಕೆಳಗಿನ 2 ಎಕರೆ ನಿನಗೆ ಅಕ್ಕ. ರಸ್ತೆ ಬದಿ, ಒಳ್ಳೆ ರೇಟು."

"ಅರ್ಧ ಅಂದ್ರೆ 3 ಎಕರೆ 10 ಗುಂಟೆ ರಘು. ಅಜ್ಜನ ಆಸ್ತಿ ಇದು. 2005ರಲ್ಲೇ ಕಾನೂನು ಬಂದಾಗಿದೆ."

"ಕಾನೂನು ಗೊತ್ತು. ಬೋರು ಹಾಕಿಸಿದ್ದು ಯಾರು? ಸಿಲ್ವರ್ ಮರಕ್ಕೆ ಬಳ್ಳಿ ಹಬ್ಬಿಸಿದ್ದು ಯಾರು?"

"ಬಳ್ಳಿ ನೀನೇ ಇಟ್ಕೋ ಮಾರಾಯ."

ಬಳ್ಳಿ ಎಷ್ಟಿವೆ ಅನ್ನೋದಕ್ಕೇ ಅರ್ಧ ಗಂಟೆ ಹೋಯಿತು. ಲೆಕ್ಕದಲ್ಲಿ ಇಬ್ಬರೂ ಗಟ್ಟಿ. ಆಮೇಲೆ ಇವರು ಸ್ವಲ್ಪ ತಣ್ಣಗಾದರು.

"ಆಯ್ತು, 3 ಎಕರೆ 10 ಗುಂಟೇನೇ ತಗೋ. ಸೋಮವಾರ ರಿಜಿಸ್ಟ್ರೇಷನ್. ಹತ್ತು ಗಂಟೆಗೆ ಸಕಲೇಶಪುರದಲ್ಲಿರಬೇಕು. ಶಿರಾಡಿಯಲ್ಲಿ ಲಾರಿ ಕೆಟ್ಟು ನಿಂತಿದ್ರೆ ಕಷ್ಟ, ಹಿಂದಿನ ದಿನವೇ ಬಂದುಬಿಡು."

"ಶಿರಾಡಿ ಬಂದ್ ಆದ್ರೆ ಚಾರ್ಮಾಡಿ ಇದೆ. ಮೂಡಿಗೆರೆ ಮೇಲೆ ಬರ್ತೀನಿ. ಒಂದೆರಡು ಗಂಟೆ ಜಾಸ್ತಿ, ಅಷ್ಟೇ."

ಇವರು ಲೋಟ ಎತ್ತಿ ಮತ್ತೆ ಅಲ್ಲೇ ಇಟ್ಟರು. ಪಹಣಿ ಮೇಲೆ ದುಂಡಗೆ ಕಲೆ ಬಿತ್ತು.

"ತಡ ಆದ್ರೂ ಪರವಾಗಿಲ್ಲ. ನೀನು ಬರೋವರೆಗೆ ಕಾಯ್ತೀವಿ."

"ಸಹಿಗೆ ಕಾಯ್ತೀಯಾ?"

"ನಿನ್ನ ಸಹಿ ಇಲ್ದೆ ಆಗಲ್ಲ ಅಲ್ವಾ ಅಕ್ಕ."

"ಹೌದು. ಇದು ನಾನಿಲ್ದೆ ಆಗಲ್ಲ."

ನನ್ನ ಕೈಯಲ್ಲಿದ್ದ ಮೆಣಸಿನ ಗೊಂಚಲು ಹಾಗೇ ಇತ್ತು. ಆ ಜುಲೈ ರಾತ್ರಿ ಫೋನಿನಲ್ಲಿ "ಹೊರಟಿದ್ದೀನಿ" ಅಂದ ಅಕ್ಕನ ದನಿ ಕೇಳಿಸಿಕೊಂಡವಳು ನಾನು.

"ಯೋಚನೆ ಮಾಡಿದೆ," ಅಂದರು ಅಕ್ಕ. "ಎಕರೆಗಿಕರೆ ಬೇಡ. ಹೊಳೆ ಪಕ್ಕ ಹಲಸಿನ ಮರದ ಕೆಳಗಿನ ಎರಡು ಗುಂಟೆ ಕೊಡು ಸಾಕು."

"ಅಲ್ಲೇನಿದೆ? ಒಂದು ಗಿಡ ಇಲ್ಲ."

"ಗೊತ್ತು."

"ಎರಡು ಗುಂಟೆಗೆ ಪೋಡಿ ಮಾಡಿಸ್ತೀನಿ ಅಂದ್ರೆ ಸರ್ವೆಯವರು ನಗ್ತಾರೆ."

"ನಗಲಿ."

"ಸುಮ್ನೆ ಹಠ ಮಾಡ್ಬೇಡ ಅಕ್ಕ. 3 ಎಕರೆ ಬಿಟ್ಟು ಯಾರಾದ್ರೂ..."

"ಅವತ್ತು ಅಷ್ಟು ಮಳೆಯಲ್ಲಿ ಸೌದೆ ಒಣಗಿದ್ದು ಸಿಕ್ತಾ ರಘು?"

ಇವರು ಎದ್ದು ಕಣಕ್ಕೆ ಇಳಿದರು. ಬೆಳಿಗ್ಗೆಯಷ್ಟೇ ಆಳು ಕಾಫಿ ಕೈಯಾಡಿಸಿ ಹೋಗಿದ್ದ. ಇವರು ಮತ್ತೊಮ್ಮೆ ಶುರು ಮಾಡಿದರು, ಈ ತುದಿಯಿಂದ ಆ ತುದಿಗೆ.

"ನೋಡಮ್ಮ," ಅಂದರು ಅಕ್ಕ ನನ್ನ ಕಡೆ ತಿರುಗಿ, "ಕೊಡೆ ಇದ್ರೆ ಕೊಡು. ಬಿಸಿಲು ಜೋರಿದೆ. ಹೊಳೆ ತನಕ ಹೋಗಿ ಬರ್ತೀನಿ."

ಮಾವನ ಕೊಡೆಯೊಂದೇ ಇದ್ದದ್ದು. ಅದನ್ನೇ ಕೊಟ್ಟೆ.